ನಾಲೆಯ ನೀರಿನ ತಳ್ಳು ಮತ್ತು ತ್ರಾಪಿಜ್ಯದ ಕೇಂದ್ರ

ಕನ್ನಂಬಾಡಿ ಕಟ್ಟೆಯಿಂದ ಮಂಡ್ಯದ ಕಡೆಗೆ ಹರಿಯುವ ವಿಶ್ವೇಶ್ವರಯ್ಯ ನಾಲೆಯಂಥ ದೊಡ್ಡ ನಾಲೆಗಳನ್ನು ಮಣ್ಣಿನಲ್ಲಿ ತೋಡುವಾಗ ದಂಡೆಗಳನ್ನು ನೆಟ್ಟಗೆ ನಿಲ್ಲಿಸುವುದಿಲ್ಲ. ಮಣ್ಣು ಹಾಗೆ ನಿಲ್ಲುವುದೂ ಇಲ್ಲ. ನೀರು ಕುಡಿದ ಮೇಲೆ ಜಗ್ಗಿ ಕುಸಿಯುತ್ತದೆ. ಅದಕ್ಕೇ ಎರಡೂ ಬದಿಗೆ ಇಳಿಜಾರು ಕೊಡುತ್ತಾರೆ. ನಾಲೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಕಾಣುವುದು ಶಾಲೆಯ ರೇಖಾಗಣಿತದ ತ್ರಾಪಿಜ್ಯ: ಮೇಲೆ ನೀರಿನ ಮಟ್ಟದಲ್ಲಿ ಉದ್ದದ ಬಾಹು, ಕೆಳಗೆ ನಾಲೆಯ ತಳದಲ್ಲಿ ಚಿಕ್ಕ ಬಾಹು, ನಡುವೆ ನೀರಿನ ಆಳ. ಮೇಲಿನ ಬಾಹುವೂ ಕೆಳಗಿನ ಬಾಹುವೂ ಸಮಾಂತರ.

ಈಗ ನಾಲೆಯ ಒಳಮೈಗೆ ಹಾಕಿದ ಕಾಂಕ್ರೀಟು ಒಂದು ಕಡೆ ಬಿರುಕು ಬಿಟ್ಟಿದೆ, ದುರಸ್ತಿ ಮಾಡಬೇಕು ಎಂದುಕೊಳ್ಳೋಣ. ಆ ಜಾಗದ ಮೇಲ್ಗಡೆ ನಾಲೆಗೆ ಅಡ್ಡಲಾಗಿ, ಅದರ ಆಕಾರಕ್ಕೇ ಕತ್ತರಿಸಿದ ಉಕ್ಕಿನ ಹಲಗೆಯೊಂದನ್ನು ನಿಲ್ಲಿಸಿ ನೀರು ತಡೆಯುತ್ತೇವೆ. ಹಲಗೆಯ ಒಂದು ಮಗ್ಗುಲಲ್ಲಿ ತುಂಬಿದ ನೀರು, ಇನ್ನೊಂದು ಮಗ್ಗುಲಲ್ಲಿ ಒಣ ನೆಲ. ತಳದ ಅಗಲ 4 ಮೀಟರ್, ನೀರಿನ ಮಟ್ಟದಲ್ಲಿ ಅಗಲ 10 ಮೀಟರ್, ಆಳ 3 ಮೀಟರ್. ಹಲಗೆಯನ್ನು ನೀರು ಒಟ್ಟು ಎಷ್ಟು ಬಲದಿಂದ ತಳ್ಳುತ್ತದೆ? ಹಿಂದೆ ಆನಿಕೆ ಕೊಡುವವನಿಗೆ ಮೊದಲು ಬೇಕಾದ ಲೆಕ್ಕ ಇದೇ.

ನೀರಿನ ಒತ್ತಡ ಆಳದ ಜೊತೆ ಸಮವಾಗಿ ಏರುತ್ತದೆ. ಒಂದು ಘನ ಮೀಟರ್ ನೀರು ಒಂದು ಟನ್ ತೂಗುವುದರಿಂದ, ಒಂದು ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಒಂದು ಟನ್ ಭಾರ ಒತ್ತುತ್ತದೆ, ಎರಡು ಮೀಟರ್ ಆಳದಲ್ಲಿ ಎರಡು ಟನ್. ಹಲಗೆಯ ಮೇಲಿನ ಒಟ್ಟು ತಳ್ಳು ಬೇಕಾದರೆ ಅದರ ಪ್ರತಿಯೊಂದು ಚೂರಿನ ವಿಸ್ತೀರ್ಣವನ್ನು ಆ ಚೂರು ಇರುವ ಆಳದಿಂದ ಗುಣಿಸಿ ಕೂಡಿಸಬೇಕು. ಹಾಗೆ ಕೂಡಿಸುವುದೂ, ಇಡೀ ವಿಸ್ತೀರ್ಣವನ್ನು ಎಲ್ಲ ಚೂರುಗಳ ಸರಾಸರಿ ಆಳದಿಂದ ಒಂದೇ ಸಲ ಗುಣಿಸುವುದೂ ಒಂದೇ. ಆ ಸರಾಸರಿ ಆಳವೇ ತ್ರಾಪಿಜ್ಯದ ಕೇಂದ್ರದ ಆಳ. ರಟ್ಟಿನ ತುಂಡನ್ನು ಬೆರಳ ತುದಿಯಲ್ಲಿ ಅಲ್ಲಾಡದೆ ನಿಲ್ಲಿಸುವ ಆ ಬಿಂದುವಿಗೆ ನಾಲೆಯ ಲೆಕ್ಕದಲ್ಲಿ ಇರುವ ಕೆಲಸ ಇದು. ನಾಲೆಯಲ್ಲಿ ನೀರಿನ ಮಟ್ಟವೇ ಉದ್ದದ ಬಾಹುವಾದ್ದರಿಂದ, ನಮಗೆ ಬೇಕಾದದ್ದು ಉದ್ದದ ಬಾಹುವಿನಿಂದ ಕೇಂದ್ರಕ್ಕೆ ಇರುವ ದೂರ.

ಆಳದ ಅರ್ಧ, ಅಂದರೆ ಒಂದೂವರೆ ಮೀಟರ್ ಎಂದು ಹೇಳಿಬಿಡಲು ಆಗುವುದಿಲ್ಲ. ಹಲಗೆ ಮೇಲೆ ಅಗಲ, ಕೆಳಗೆ ಕಿರಿದು. ಅದರ ವಿಸ್ತೀರ್ಣದ ಹೆಚ್ಚು ಪಾಲು ಮೇಲಿನ ಅರ್ಧದಲ್ಲಿ, ಕಡಿಮೆ ಆಳದಲ್ಲಿದೆ. ಸರಾಸರಿ ಒಂದೂವರೆಗಿಂತ ಕಡಿಮೆಯೇ ಬರಬೇಕು. ಎಷ್ಟು ಕಡಿಮೆ ಎಂದು ತಿಳಿಯಲು ಒಂದು ಕರ್ಣ ಎಳೆದರೆ ಸಾಕು.

ತ್ರಾಪಿಜ್ಯದ ಒಂದು ಮೂಲೆಯಿಂದ ಎದುರಿನ ಮೂಲೆಗೆ ಗೆರೆ ಎಳೆಯಿರಿ. ಎರಡು ತ್ರಿಭುಜಗಳಾದವು. ಒಂದರ ಪಾದ ನೀರಿನ ಮಟ್ಟದ 10 ಮೀಟರ್, ಶೃಂಗ ಕೆಳಗೆ ತಳದ ಮೂಲೆಯಲ್ಲಿ. ಇನ್ನೊಂದರ ಪಾದ ತಳದ 4 ಮೀಟರ್, ಶೃಂಗ ಮೇಲೆ ನೀರಿನ ಮಟ್ಟದಲ್ಲಿ. ಎರಡರ ಎತ್ತರವೂ 3 ಮೀಟರ್. ಯಾವ ತ್ರಿಭುಜದಲ್ಲಾದರೂ ಕೇಂದ್ರ ಇರುವುದು ಪಾದದಿಂದ ಎತ್ತರದ ಮೂರನೇ ಒಂದು ಪಾಲಿನಲ್ಲಿ. ಮೂರು ಮಧ್ಯರೇಖೆಗಳು ಸಂಧಿಸುವ ಜಾಗ ಅದು. ಹಾಗಾಗಿ ದೊಡ್ಡ ತ್ರಿಭುಜದ ಕೇಂದ್ರ ನೀರಿನ ಮಟ್ಟದಿಂದ 1 ಮೀಟರ್ ಕೆಳಗೆ. ಚಿಕ್ಕದರ ಕೇಂದ್ರ ತಳದಿಂದ 1 ಮೀಟರ್ ಮೇಲೆ, ಅಂದರೆ ನೀರಿನ ಮಟ್ಟದಿಂದ 2 ಮೀಟರ್ ಕೆಳಗೆ.

ದೊಡ್ಡದರ ವಿಸ್ತೀರ್ಣ 15 ಚದರ ಮೀಟರ್, ಅದರ ಮೇಲಿನ ತಳ್ಳು 15 × 1 = 15 ಟನ್. ಚಿಕ್ಕದರ ವಿಸ್ತೀರ್ಣ 6 ಚದರ ಮೀಟರ್, ತಳ್ಳು 6 × 2 = 12 ಟನ್. ಒಟ್ಟು 27 ಟನ್. ಇದನ್ನು ಒಟ್ಟು ವಿಸ್ತೀರ್ಣ 21ರಿಂದ ಭಾಗಿಸಿದರೆ ಕೇಂದ್ರದ ಆಳ ಸುಮಾರು 1.29 ಮೀಟರ್. ವಿಸ್ತೀರ್ಣದಲ್ಲಿ ಎರಡೂವರೆ ಪಟ್ಟು ಚಿಕ್ಕದಾದ ತ್ರಿಭುಜ ತಳ್ಳುವಿನಲ್ಲಿ ಹೆಚ್ಚೂಕಡಿಮೆ ದೊಡ್ಡದರ ಸಮಕ್ಕೆ ಬಂದು ನಿಂತದ್ದನ್ನು ಗಮನಿಸಿ. ಅದರ ಪಾದ ಆಳದಲ್ಲಿದೆ, ಅದಕ್ಕೆ.

ಅಂಕಿಗಳ ಬದಲು ಅಕ್ಷರ ಇಟ್ಟರೆ ಸೂತ್ರ ತಾನಾಗಿ ಸಿಗುತ್ತದೆ. ಉದ್ದದ ಬಾಹು a, ಚಿಕ್ಕ ಬಾಹು b, ಎತ್ತರ h. ಎರಡು ತ್ರಿಭುಜಗಳ ಎತ್ತರ ಒಂದೇ ಆದ್ದರಿಂದ ಅವುಗಳ ವಿಸ್ತೀರ್ಣ a ಮತ್ತು b ಇರುವ ಪ್ರಮಾಣದಲ್ಲೇ ಇರುತ್ತದೆ. ಒಂದರ ಕೇಂದ್ರ h/3 ದೂರದಲ್ಲಿ, ಇನ್ನೊಂದರದು 2h/3 ದೂರದಲ್ಲಿ. ಪ್ರಮಾಣಕ್ಕೆ ತಕ್ಕಂತೆ ಸರಾಸರಿ ತೆಗೆದರೆ, ಉದ್ದದ ಬಾಹುವಿನಿಂದ ಕೇಂದ್ರದ ದೂರ:

y = h(a + 2b) / 3(a + b)

b ಮಾತ್ರ ಎರಡರಿಂದ ಗುಣಿತವಾಗಿರುವುದು ಏಕೆಂದು ಈಗ ಬಾಯಿಪಾಠ ಮಾಡಬೇಕಿಲ್ಲ. ಚಿಕ್ಕ ಬಾಹುವಿನ ಮೇಲೆ ಕೂತ ತ್ರಿಭುಜದ ಕೇಂದ್ರ ಎರಡು ಪಟ್ಟು ದೂರದಲ್ಲಿದೆ, ಆ 2 ಬಂದದ್ದು ಅಲ್ಲಿಂದ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಸಿರಾಕ್ಯೂಸ್ ನಗರದ ಆರ್ಕಿಮಿಡೀಸ್ ಸಮತಲಗಳ ಸಮತೋಲನವನ್ನು ಕುರಿತು ಬರೆದ ಗ್ರಂಥದ ಮೊದಲ ಭಾಗ ಮುಗಿಯುವುದು ಈ ತ್ರಾಪಿಜ್ಯದ ಪ್ರಮೇಯದಿಂದಲೇ. ಸನ್ನೆಕೋಲಿನ ನಿಯಮದಿಂದ ಹೊರಟು, ತ್ರಿಭುಜವನ್ನು ದಾಟಿ, ಅವನು ತ್ರಾಪಿಜ್ಯಕ್ಕೆ ಬಂದಿದ್ದ. ಎರಡು ಸಮಾಂತರ ಬಾಹುಗಳ ನಡುಬಿಂದುಗಳನ್ನು ಸೇರಿಸುವ ಗೆರೆಯ ಮೇಲೆಯೇ ಕೇಂದ್ರ ಇರುತ್ತದೆ ಎಂಬುದೂ ಆ ಪ್ರಮೇಯದ ಭಾಗ.

ದಂಡೆಗಳ ಇಳಿಜಾರು ಈ ಸೂತ್ರದಲ್ಲಿ ಎಲ್ಲೂ ಕಾಣಿಸುವುದಿಲ್ಲ. ಒಂದು ದಂಡೆ ಕಡಿದಾಗಿ, ಇನ್ನೊಂದು ಚಾಚಿಕೊಂಡು ಇದ್ದರೂ ಎರಡು ಅಗಲ ಮತ್ತು ಆಳ ಬದಲಾಗದಿದ್ದರೆ ಕೇಂದ್ರದ ಆಳ ಅದೇ. ತ್ರಿಭುಜದ ಶೃಂಗವನ್ನು ಪಾದಕ್ಕೆ ಸಮಾಂತರವಾಗಿ ಎಷ್ಟೇ ಸರಿಸಿದರೂ ಅದರ ವಿಸ್ತೀರ್ಣವೂ ಕೇಂದ್ರದ ಎತ್ತರವೂ ಕದಲುವುದಿಲ್ಲ. ಕೇಂದ್ರ ಎಡಕ್ಕೋ ಬಲಕ್ಕೋ ಸರಿಯುತ್ತದೆ, ಅಷ್ಟೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ನಮ್ಮ ಹಲಗೆಯ ಪ್ರಮಾಣದಲ್ಲೇ 30 ಸೆಂಟಿಮೀಟರ್, 12 ಸೆಂಟಿಮೀಟರ್ ಬಾಹುಗಳೂ 9 ಸೆಂಟಿಮೀಟರ್ ಎತ್ತರವೂ ಇರುವ ತ್ರಾಪಿಜ್ಯವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ. ಒಂದು ಮೂಲೆಗೆ ಗುಂಡುಸೂಜಿ ಚುಚ್ಚಿ ಸಡಿಲವಾಗಿ ತೂಗುಬಿಟ್ಟು, ಅದೇ ಸೂಜಿಯಿಂದ ಭಾರ ಕಟ್ಟಿದ ದಾರ ಇಳಿಬಿಟ್ಟು, ದಾರದ ಗುಂಟ ಗೆರೆ ಎಳೆಯಿರಿ. ಇನ್ನೊಂದು ಮೂಲೆಯಿಂದಲೂ ಹಾಗೇ ಮಾಡಿ. ಗೆರೆಗಳು ಕೂಡುವ ಬಿಂದು ಉದ್ದದ ಬಾಹುವಿನಿಂದ 3.9 ಸೆಂಟಿಮೀಟರಿಗೆ ಹತ್ತಿರ ಇರಬೇಕು. ತೂತು ಬಿಗಿಯಾಗಿ ರಟ್ಟು ಸಿಕ್ಕಿಕೊಂಡರೆ ಗೆರೆ ಓರೆಯಾಗುತ್ತದೆ. ಮೂರನೇ ಮೂಲೆಯಿಂದ ಎಳೆದ ಗೆರೆ ಅದೇ ಬಿಂದುವಿನಲ್ಲಿ ಹಾಯದಿದ್ದರೆ ಹಾಗಾಗಿದೆ ಎಂದು ಗೊತ್ತಾಗುತ್ತದೆ.

ಸೂತ್ರ ಬಳಸುವಾಗ ಹೆಚ್ಚಾಗಿ ಆಗುವ ತಪ್ಪು a, b ಅದಲುಬದಲಾಗುವುದು. ನಮ್ಮ ಹಲಗೆಗೆ ಹಾಗೆ ಮಾಡಿದರೆ 1.29ರ ಬದಲು 1.71 ಮೀಟರ್ ಬರುತ್ತದೆ. ಅದು ತಳದಿಂದ ಮೇಲಕ್ಕೆ ಅಳೆದ ದೂರ. ಎರಡನ್ನೂ ಕೂಡಿಸಿದರೆ ಸರಿಯಾಗಿ 3 ಮೀಟರ್. ಈ ತಪ್ಪನ್ನು ಹಿಡಿಯುವುದು ಸುಲಭ. b ಸೊನ್ನೆಯಾದರೆ ತ್ರಾಪಿಜ್ಯ ತ್ರಿಭುಜವಾಗಿ y ಮೂರನೇ ಒಂದು ಪಾಲಿಗೆ ಇಳಿಯುತ್ತದೆ. b ಬೆಳೆದು aಗೆ ಸಮವಾದರೆ ಆಯತವಾಗಿ y ಅರ್ಧಕ್ಕೆ ಏರುತ್ತದೆ. ಬೇರೆ ಎಲ್ಲ ತ್ರಾಪಿಜ್ಯಗಳಲ್ಲೂ ಉದ್ದದ ಬಾಹುವಿನಿಂದ ಅಳೆದ ದೂರ ಇವೆರಡರ ನಡುವೆಯೇ. ನಮ್ಮ ನಾಲೆಗೆ ಅದು 1 ಮೀಟರಿಂದ ಒಂದೂವರೆ ಮೀಟರ್. ಆಚೆ ಹೋದ ಉತ್ತರ ತಪ್ಪು.

ಇದಕ್ಕಿಂತ ಸೂಕ್ಷ್ಮವಾದ, ಹೆಚ್ಚು ಅಪಾಯದ ತಪ್ಪು ಇನ್ನೊಂದಿದೆ. ಕೇಂದ್ರದ ಆಳದಿಂದ ತಳ್ಳು ಎಷ್ಟೆಂದು ಗೊತ್ತಾಯಿತು. ಆದರೆ ಆ 27 ಟನ್ ಕೇಂದ್ರದಲ್ಲೇ ಒತ್ತುತ್ತಿದೆ ಎಂದುಕೊಂಡರೆ ಕೆಟ್ಟಿತು. ಕೆಳಗಿನ ಚೂರುಗಳ ಮೇಲೆ ಒತ್ತಡ ಹೆಚ್ಚಿರುವುದರಿಂದ ಬಲದ ನಡುನೆಲೆ ಕೇಂದ್ರಕ್ಕಿಂತ ಕೆಳಗೆ ಇರುತ್ತದೆ. ಎಂಜಿನಿಯರುಗಳು ಅದನ್ನು ಒತ್ತಡ ಕೇಂದ್ರ ಎನ್ನುತ್ತಾರೆ. ಅದನ್ನು ಕಂಡುಹಿಡಿಯಲೂ ನಮ್ಮ ಕರ್ಣವೇ ಸಾಕು. ಪಾದ ನೀರಿನ ಮಟ್ಟದಲ್ಲಿರುವ ತ್ರಿಭುಜಕ್ಕೆ ಒತ್ತಡ ಕೇಂದ್ರ ಎತ್ತರದ ಅರ್ಧ ಆಳದಲ್ಲಿ, ಶೃಂಗ ನೀರಿನ ಮಟ್ಟದಲ್ಲಿರುವ ತ್ರಿಭುಜಕ್ಕೆ ಮುಕ್ಕಾಲು ಆಳದಲ್ಲಿ. ಅಂದರೆ 15 ಟನ್ ಒಂದೂವರೆ ಮೀಟರ್ ಆಳದಲ್ಲಿ, 12 ಟನ್ 2.25 ಮೀಟರ್ ಆಳದಲ್ಲಿ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಒತ್ತಡ ಕೇಂದ್ರದ ಆಳ 1.83 ಮೀಟರ್. ಆಕಾರದ ಕೇಂದ್ರಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಕೆಳಗೆ.

ಹಲಗೆಯನ್ನು ನೀರಿನ ಮಟ್ಟದಲ್ಲಿ ತಿರುಗಣೆಗೆ ಸಿಕ್ಕಿಸಿ, ಬುಡದಲ್ಲಿ ಆನಿಕೆ ಕೊಟ್ಟಿದ್ದೇವೆ ಎನ್ನಿ. ಬುಡದ ಆನಿಕೆ 27 × 1.83 ÷ 3, ಅಂದರೆ ಹದಿನಾರೂವರೆ ಟನ್ ತಡೆಯಬೇಕು. ಒತ್ತಡ ಕೇಂದ್ರದ ಜಾಗದಲ್ಲಿ ಆಕಾರದ ಕೇಂದ್ರವನ್ನು ಇಟ್ಟು ಲೆಕ್ಕ ಹಾಕಿದರೆ ಹನ್ನೊಂದೂವರೆ ಟನ್ ಸಾಕೆಂದು ಬರುತ್ತದೆ. ಆ ಅಳತೆಗೆ ಮಾಡಿದ ಆನಿಕೆಯ ಮೇಲೆ ಐದು ಟನ್ ಹೆಚ್ಚಿಗೆ ಬೀಳುತ್ತದೆ, ಅದೂ ಆಚೆ ಒಣ ನೆಲದಲ್ಲಿ ಜನ ಕೆಲಸ ಮಾಡುತ್ತಿರುವಾಗ.

ಅಳತೆ ಹಿಡಿಯುವಲ್ಲೂ ಎಚ್ಚರ ಬೇಕು. ಟೇಪನ್ನು ಒಂದು ಏರಿಯ ಅಂಚಿನಿಂದ ಇನ್ನೊಂದರ ಅಂಚಿಗೆ ಹಿಡಿಯುವುದು ಸುಲಭ. ಆದರೆ ಸೂತ್ರದ a ನೀರಿನ ಮಟ್ಟದ ಅಗಲ. ಏರಿಯ ಅಂಚು ಅದಕ್ಕಿಂತ ಮೇಲಿರುತ್ತದೆ. ನೀರು ಇಳಿದರೆ a ಮತ್ತು h ಎರಡೂ ಒಟ್ಟಿಗೆ ಕುಗ್ಗುತ್ತವೆ. ನಮ್ಮ ನಾಲೆಯಲ್ಲಿ ಆಳ 2 ಮೀಟರಿಗೆ ಇಳಿದರೆ ನೀರಿನ ಅಗಲ 8 ಮೀಟರ್ ಆಗುತ್ತದೆ, ಕೇಂದ್ರದ ಆಳ 0.89 ಮೀಟರ್, ತಳ್ಳು ಹತ್ತೂ ಮುಕ್ಕಾಲು ಟನ್ನಿಗೂ ಕಡಿಮೆ. ನೀರು ಇಳಿದದ್ದು ಮೂರರಲ್ಲಿ ಒಂದು ಪಾಲು, ತಳ್ಳು ಇಳಿದದ್ದು ಐದರಲ್ಲಿ ಮೂರು ಪಾಲು. ದುರಸ್ತಿಗೆ ಮುಂಚೆ ಒಂದು ಮೀಟರ್ ನೀರನ್ನಾದರೂ ಇಳಿಸಿಕೊಳ್ಳುವುದಕ್ಕೆ ಇದೇ ಕಾರಣ ಸಾಕು.

ನೀರು ಏರುವಾಗಲೂ ಲೆಕ್ಕ ಅಷ್ಟೇ ಬೇಗ ಏರುತ್ತದೆ. ನೀರಿನ ಮಟ್ಟದಿಂದ ಏರಿಯ ಅಂಚಿಗೆ 60 ಸೆಂಟಿಮೀಟರ್ ಬಿಟ್ಟಿದ್ದರೆ ಅಂಚಿನಲ್ಲಿ ಅಗಲ 11.2 ಮೀಟರ್, ಆಳ 3.6 ಮೀಟರ್. ಮೇಲ್ಗಡೆಯ ತೂಬನ್ನು ಯಾರೋ ಹೇಳದೆ ಎತ್ತಿ, ನೀರು ಅಂಚಿನವರೆಗೆ ತುಂಬಿ ನಿಂತರೆ ಕೇಂದ್ರದ ಆಳ 1.52 ಮೀಟರಿಗೆ ಹೋಗುತ್ತದೆ, ತಳ್ಳು 27ರಿಂದ 41 ಟನ್ ದಾಟುತ್ತದೆ. ಹಲಗೆಗೂ ಆನಿಕೆಗೂ ಉಕ್ಕಿನ ಅಳತೆ ಬರೆಯಬೇಕಾದದ್ದು ಈ ಅಂಕಿ ನೋಡಿ.