ಗಡ್ಡೆಯೊಳಗೆ ಉಳಿದ ಗಿಡದ ಗುರುತು

ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯಲ್ಲಿರುವ ಬಾಲ್ಕನ್ ಹಳ್ಳಿಗಳಲ್ಲಿ 1950ರ ದಶಕದಿಂದ ವೈದ್ಯರಿಗೆ ಒಂದು ಕಾಯಿಲೆ ಸವಾಲಾಗಿತ್ತು. ರೈತಾಪಿ ಜನರ ಮೂತ್ರಪಿಂಡಗಳು ಸದ್ದಿಲ್ಲದೆ ಸೋಲುತ್ತಿದ್ದವು. ಅವರಲ್ಲಿ ಅನೇಕರಿಗೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳದಲ್ಲಿ ಕ್ಯಾನ್ಸರ್ ಕೂಡ ಬರುತ್ತಿತ್ತು. ಒಂದು ಊರಿನಲ್ಲಿ ಮನೆಮನೆಗೂ ಕಾಯಿಲೆ, ಪಕ್ಕದ ಊರಿನಲ್ಲಿ ಏನೂ ಇಲ್ಲ. ಬಾವಿ ನೀರು, ಬೂಷ್ಟು, ವಂಶದೋಷ ಎಲ್ಲದರ ಮೇಲೂ ಸಂಶಯ ಬಂತು.

ಸುಳಿವು ಸಿಕ್ಕಿದ್ದು ಬೆಲ್ಜಿಯಂನಲ್ಲಿ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಮೂಲಿಕೆ ಮಾತ್ರೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ಒಂದು ಚೀನೀ ಬೇರಿನ ಬದಲು ಅರಿಸ್ಟೊಲೋಕಿಯಾ ಜಾತಿಯ ಗಿಡದ ಬೇರು ಮಾತ್ರೆಗೆ ಸೇರಿತ್ತು. ಇದೇ ಜಾತಿಯ ಕಳೆ ಬಾಲ್ಕನ್ ಗೋಧಿ ಹೊಲಗಳಲ್ಲಿ ಬೆಳೆಯುತ್ತದೆ. ಅದರ ಬೀಜ ಕಾಳಿನೊಂದಿಗೆ ಬೀಸಲ್ಪಟ್ಟು ರೊಟ್ಟಿಗೆ ಸೇರುತ್ತಿತ್ತು. 2007ರಲ್ಲಿ ಅಮೆರಿಕದ ಆರ್ಥರ್ ಗ್ರೋಲ್‌ಮನ್ ಮತ್ತು ಸಂಗಡಿಗರು ಈ ರೋಗಿಗಳ ಡಿಎನ್‌ಎಯಲ್ಲೇ ಗಿಡದ ವಿಷವಾದ ಅರಿಸ್ಟೊಲೋಕಿಕ್ ಆಮ್ಲದ ಗುರುತು ತೋರಿಸಿದರು.

ಗಡ್ಡೆಯೊಂದು ತನ್ನ ಕಾರಣವನ್ನು ಹೇಳುವುದು ಹೇಗೆ? ಮೊದಲು ಗಡ್ಡೆಯ ತುಣುಕಿನ ಡಿಎನ್‌ಎಯನ್ನೂ ಅದೇ ರೋಗಿಯ ರಕ್ತದ ಡಿಎನ್‌ಎಯನ್ನೂ ಓದುತ್ತಾರೆ. ರಕ್ತದಲ್ಲಿಯೂ ಇರುವ ವ್ಯತ್ಯಾಸಗಳು ಹುಟ್ಟಿನಿಂದ ಬಂದವು, ಅವನ್ನು ಕಳೆಯುತ್ತಾರೆ. ಉಳಿಯುವುದು ಬದುಕಿನ ಅವಧಿಯಲ್ಲಿ ಆ ಜೀವಕೋಶಗಳಲ್ಲಿ ಆದ ಬದಲಾವಣೆಗಳು, ಅಂದರೆ ಮ್ಯುಟೇಷನ್‌ಗಳು. ತೈವಾನಿನ ಮೂಲಿಕೆ ಸೇವನೆಯ ಹಿನ್ನೆಲೆಯ ಇಂಥ ಗಡ್ಡೆಗಳನ್ನು 2013ರಲ್ಲಿ ಓದಿದಾಗ ಹತ್ತು ಲಕ್ಷ ಅಕ್ಷರಕ್ಕೆ ಸರಾಸರಿ ಸುಮಾರು 150 ಬದಲಾವಣೆಗಳು ಕಂಡವು. ಸಿಗರೇಟಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್‌ಗಿಂತಲೂ ಇದು ಬಹಳ ಹೆಚ್ಚು.

ಪ್ರೋಟೀನುಗಳ ನಕ್ಷೆ ಬರೆದಿರುವ ಭಾಗವೇ ಸುಮಾರು ಮೂರು ಕೋಟಿ ಅಕ್ಷರ. ಲೆಕ್ಕ ಹಾಕಿದರೆ ಅದರಲ್ಲೇ ಸಾವಿರಾರು ಬದಲಾವಣೆಗಳು. ಆದರೆ ಕ್ಯಾನ್ಸರ್ ಬೆಳೆಸಿದ್ದು ಬೆರಳೆಣಿಕೆಯಷ್ಟು ಮಾತ್ರ. ಬಸ್ಸು ಓಡಿಸುವವರು ಡ್ರೈವರ್; ಉಳಿದವರು ಟಿಕೆಟ್ ತೆಗೆದು ಕೂತವರು. ಕ್ಯಾನ್ಸರ್ ತಜ್ಞರೂ ಇವೇ ಹೆಸರು ಬಳಸುತ್ತಾರೆ. ಡ್ರೈವರನ್ನು ಗುರುತಿಸುವುದು ಒಂದೇ ಗಡ್ಡೆಯಿಂದಲ್ಲ. ಬೇರೆ ಬೇರೆ ರೋಗಿಗಳಲ್ಲಿ, ಆಕಸ್ಮಿಕಕ್ಕೆ ಮೀರಿ, ಅದೇ ಜೀನ್ ಮತ್ತೆ ಮತ್ತೆ ಕೆಟ್ಟಿದ್ದರೆ ಅದು ಡ್ರೈವರ್. ಕೆಟ್ಟ ಕೋಶವನ್ನು ತಡೆಯುವ TP53 ಜೀನ್ ಈ ಗಡ್ಡೆಗಳಲ್ಲಿ ಹಾಗೆಯೇ ಕೆಡುತ್ತದೆ.

ಚಿಕಿತ್ಸೆಗೆ ಮದ್ದು ಹುಡುಕುವವರಿಗೆ ಡ್ರೈವರೇ ಮುಖ್ಯ, ಪ್ರಯಾಣಿಕರು ಕಸ. ಕಾರಣ ಹುಡುಕುವವರಿಗೆ ಮಾತ್ರ ನಂಬಿಕಸ್ಥ ಸಾಕ್ಷಿ ಪ್ರಯಾಣಿಕರೇ. ಡ್ರೈವರ್ ಉಳಿದಿರುವುದು ಕೋಶ ಬೆಳೆಯಲು ನೆರವಾದ್ದರಿಂದ, ಹೀಗಾಗಿ ಅದರಲ್ಲಿ ಆಯ್ಕೆಯ ಒತ್ತಡ ಬೆರೆತಿದೆ. ಪ್ರಯಾಣಿಕರನ್ನು ಯಾರೂ ಆರಿಸಿಲ್ಲ. ವಿಷ ಹೇಗೆ ಹೊಡೆಯಿತೋ ಹಾಗೇ ಅವು ಉಳಿದಿವೆ.

ಡಿಎನ್‌ಎಯ A, T, G, C ಅಕ್ಷರಗಳಲ್ಲಿ ಒಂದು ಬದಲಾಗುವ ಬಗೆ ಆರು. ಎಡಬಲದ ನೆರೆಯ ಅಕ್ಷರಗಳನ್ನೂ ಸೇರಿಸಿದರೆ ಒಟ್ಟು 96 ಬಗೆ. ಸಾವಿರಾರು ಬದಲಾವಣೆಗಳನ್ನು ಈ 96 ಖಾನೆಗಳಿಗೆ ಹಂಚಿದಾಗ ಮೂಡುವ ಆಕಾರವೇ ಮ್ಯುಟೇಷನ್ ಸಹಿ. ಅರಿಸ್ಟೊಲೋಕಿಕ್ ಆಮ್ಲ ದೇಹದಲ್ಲಿ ರೂಪಾಂತರಗೊಂಡು A ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಕೋಶದ ಸಾಮಾನ್ಯ ದುರಸ್ತಿ ವ್ಯವಸ್ಥೆ ಅದನ್ನು ಸರಿಯಾಗಿ ಗುರುತಿಸದೆ ಬಿಟ್ಟುಬಿಡುತ್ತದೆ. ಡಿಎನ್‌ಎ ನಕಲಾಗುವಾಗ ಆ ಜಾಗದಲ್ಲಿ A ಹೋಗಿ T ಬರುತ್ತದೆ, ಅದರಲ್ಲೂ C ಮತ್ತು G ನಡುವೆ ಸಿಕ್ಕಿದ A ಆದರೆ ಹೆಚ್ಚಾಗಿ. SBS22 ಎಂದು ಹೆಸರಾದ ಈ ಸಹಿ ಬೇರೆಡೆ ಅಪರೂಪ, ಅದಕ್ಕೇ ಅದರ ಮಾತಿಗೆ ತೂಕ. ವಯಸ್ಸಾಗುತ್ತಾ ಎಲ್ಲರಲ್ಲೂ ಮೂಡುವ ಸಹಿಗೆ ಆ ತೂಕವಿಲ್ಲ.

ಆದರೂ ಎಚ್ಚರ ಬೇಕು. ಆಸ್ಪತ್ರೆಯಲ್ಲಿ ಕೆಲವೇ ನೂರು ಜೀನ್ ಓದುವ ಪರೀಕ್ಷೆಯಲ್ಲಿ ಹತ್ತಾರು ಬದಲಾವಣೆ ಸಿಕ್ಕರೆ 96 ಖಾನೆಗಳಿಗೆ ಹಂಚುವುದೇ ಹಾಸ್ಯಾಸ್ಪದ. ಕಂಪ್ಯೂಟರ್ ಆದರೂ ಏನೋ ಒಂದು ಸಹಿ ಹೇಳಿಬಿಡುತ್ತದೆ. ಫಾರ್ಮಲಿನ್‌ನಲ್ಲಿ ಬಹುಕಾಲ ಇಟ್ಟ ತುಣುಕಿನಲ್ಲಿ C ಅಕ್ಷರ T ಆಗಿ ಕಾಣುವ ಸುಳ್ಳು ಬದಲಾವಣೆಗಳೂ ಸೇರುತ್ತವೆ. ಸಹಿ ಸ್ಪಷ್ಟವಿದ್ದಾಗಲೂ ಅದು ಹೇಳುವುದು ವಿಷ ದೇಹ ಸೇರಿತ್ತು ಎಂದಷ್ಟೆ, ಮಾತ್ರೆಯಿಂದಲೋ ರೊಟ್ಟಿಯಿಂದಲೋ ಎಂದಲ್ಲ. ಅದಕ್ಕೆ ರೋಗಿಯನ್ನೇ ಕೇಳಬೇಕು. TP53ರ ಕೆಡುಕೂ C–G ನಡುವಿನ A ಹೋಗಿ T ಬಂದದ್ದೇ ಆಗಿದ್ದರೆ, ಕ್ಯಾನ್ಸರಿಗೂ ವಿಷಕ್ಕೂ ನಂಟು ಬಲವಾಗುತ್ತದೆ.

ನಮ್ಮಲ್ಲಿ ಹಾವಿನ ವಿಷಕ್ಕೆ ಮದ್ದೆಂದು ಹೆಸರಾದ ಈಶ್ವರಿ ಬಳ್ಳಿ ಅರಿಸ್ಟೊಲೋಕಿಯಾ ಇಂಡಿಕಾ. ಅದರಲ್ಲೂ ಈ ಆಮ್ಲ ಇದೆ. ಮನೆಮದ್ದೆಂದು ಅದನ್ನು ಹೊಟ್ಟೆಗೆ ತೆಗೆದುಕೊಳ್ಳಬೇಡಿ. ತೆಗೆದುಕೊಂಡಿದ್ದರೆ ಅದನ್ನು ವೈದ್ಯರಿಗೆ ಹೇಳಿ.