ಒದ್ದೆ ಪಾದ ಹೇಳುವ ಸತ್ಯ

ನೆಟ್‌ಬಾಲ್ ಅಂಕಣದ ಉದ್ದ 30.5 ಮೀಟರ್, ಅಗಲ 15.25 ಮೀಟರ್. ಎಷ್ಟೋ ಶಾಲೆಗಳ ಅಂಗಳದಲ್ಲಿ ಇರುವುದು ಒಂದು ಥ್ರೋಬಾಲ್ ಅಂಕಣ, ಅದರ ಆಚೆ ಬದಿಯಲ್ಲಿ ಇನ್ನೊಂದು ತರಗತಿಯವರು. ಆದರೂ ಕಲಿಸಲು ಈಚೆ ಬದಿ ಸಾಕು: 12.2 ಮೀಟರ್ ಅಗಲ, ಸುಮಾರು 9 ಮೀಟರ್ ಆಳ. 4.9 ಮೀಟರ್ ದಾರಕ್ಕೆ ಸೀಮೆಸುಣ್ಣ ಕಟ್ಟಿ ಎಳೆದರೆ ಗೋಲಿನ ಅರ್ಧವೃತ್ತ ಅದರಲ್ಲೇ ಕೂರುತ್ತದೆ.

ಮೊದಲು ಕಲಿಸಬೇಕಾದ್ದು ಕಾಲು. ಚೆಂಡು ಹಿಡಿದು ಬಲಗಾಲಿನ ಮೇಲೆ ಇಳಿದರೆ, ಎಡಗಾಲನ್ನು ಎಷ್ಟು ಸಲ, ಎತ್ತ ಬೇಕಾದರೂ ಇಡಬಹುದು. ಬಲಗಾಲು ನಿಂತಲ್ಲೇ ತಿರುಗಬಹುದು, ಮೇಲೂ ಏಳಬಹುದು. ಆದರೆ ಅದು ಮತ್ತೆ ನೆಲ ಮುಟ್ಟುವ ಮೊದಲು ಚೆಂಡು ಕೈಬಿಟ್ಟಿರಬೇಕು. ಕುಂಟುವಂತಿಲ್ಲ, ಕಾಲನ್ನು ಎಳೆಯುವಂತಿಲ್ಲ. ಎರಡೂ ಕಾಲು ಒಟ್ಟಿಗೆ ಇಳಿದರೆ ಯಾವುದನ್ನು ಊರಿಕೊಳ್ಳಬೇಕೆಂಬ ಆಯ್ಕೆ ಆಟಗಾರ್ತಿಯದು.

ಇದನ್ನು ಹೇಳಿ ತಿಳಿಸುವುದು ಕಷ್ಟ. ಒರಟು ಸಿಮೆಂಟ್ ನೆಲವಿದ್ದರೆ (ನುಣುಪು ಕಲ್ಲಿನ ಮೇಲೆ ಬೇಡ, ಜಾರುತ್ತದೆ) ಬರಿಗಾಲಲ್ಲಿ ಆಡಿಸಿ. ಹಸಿ ಗೋಣಿಚೀಲದ ಮೇಲೆ ಬಲಗಾಲು ಒತ್ತಿ, ಕುಂಟುತ್ತಾ ಒಂದೆರಡು ಹೆಜ್ಜೆ ಬಂದು, ಎದುರಿನಿಂದ ಬರುವ ಚೆಂಡು ಹಿಡಿದು ಅದೇ ಕಾಲಲ್ಲಿ ಇಳಿದು ತಿರುಗಲಿ. ಆಮೇಲೆ ನೆಲ ನೋಡಿ. ದುಂಡಗೆ ಕಲಸಿದ ಒಂದೇ ಗುರುತು ಬಿದ್ದಿದ್ದರೆ ತಿರುಗಿದ್ದು ಸರಿ. ಉದ್ದಕ್ಕೆ ಸವರಿದ್ದರೆ ಕಾಲು ಎಳೆದಿದ್ದಾಳೆ. ಪಕ್ಕದಲ್ಲಿ ಇನ್ನೊಂದು ಗುರುತಿದ್ದರೆ ಕಾಲು ಎತ್ತಿ ಮತ್ತೆ ಇಟ್ಟಿದ್ದಾಳೆ. ವಾದವೇ ಇಲ್ಲ. ಹೆಚ್ಚಿನ ತಪ್ಪು ಓಟದ ವೇಗದಿಂದ ಬರುತ್ತದೆ: ಮೊಣಕಾಲು ಬಾಗಿಸದೆ ಇಳಿದವಳಿಗೆ ನಿಲ್ಲಲು ಇನ್ನೊಂದು ಹೆಜ್ಜೆ ಬೇಕೇ ಬೇಕು.

ಪಾಸಿಗೆ ನಾಲ್ಕು ಮೀಟರಿನ ಚೌಕ ಸಾಕು. ಮೂವರು ಎಸೆಯುವವರು, ನಡುವೆ ತಡೆಯುವವಳು ಒಬ್ಬಳು. ಚೆಂಡು ಹಿಡಿದವಳು ಊರಿದ ಕಾಲಿನಿಂದ 0.9 ಮೀಟರ್ ದೂರದಲ್ಲಿ ಅವಳು ನಿಲ್ಲಬೇಕು. ಅಷ್ಟುದ್ದದ ಕೋಲಿಟ್ಟು ತೋರಿಸಿದರೆ ಮಕ್ಕಳಿಗೆ ಅಂದಾಜು ಸಿಗುತ್ತದೆ. ಚೆಂಡು ಮೂರು ಸೆಕೆಂಡಿನೊಳಗೆ ಕೈಬಿಡಬೇಕು, ಥ್ರೋಬಾಲ್ ಆಡಿದವರಿಗೆ ಇದು ಹೊಸದಲ್ಲ. ಅವರ ಹಳೇ ಅಭ್ಯಾಸ ಒಂದಿದೆ: ಎಸೆದು ಅಲ್ಲೇ ನಿಲ್ಲುವುದು. ಎಸೆದವಳು ತಕ್ಷಣ ಖಾಲಿ ಮೂಲೆಗೆ ಓಡಲೇಬೇಕೆಂದು ಕಟ್ಟು ಮಾಡಿ, ಇಲ್ಲದಿದ್ದರೆ ಚಿಕ್ಕ ಚೌಕದಲ್ಲಿ ಎಲ್ಲರೂ ಚೆಂಡಿನ ಸುತ್ತಲೇ ಮುತ್ತುತ್ತಾರೆ.

ಗೋಲು ಹಾಕಲು ಶುರುವಿನಲ್ಲಿ ಕಂಬದಿಂದ ಒಂದು ಮೀಟರ್ ದೂರ ಸಾಕು. ಚೆಂಡು ತಲೆಯ ಮೇಲೆ ಬೆರಳ ತುದಿಗಳಲ್ಲಿ ಕೂರಲಿ, ಇನ್ನೊಂದು ಕೈ ಪಕ್ಕದಲ್ಲಿ ಆಸರೆ ಕೊಡಲಿ. ಬಲ ಮೊಣಕಾಲಿನಿಂದ ಬರಬೇಕು, ಮಣಿಕಟ್ಟು ಕೊನೆಗೆ ಮುರಿಯಬೇಕು. ಚೆಂಡು ರಿಂಗಿನ ಮುಂಚೂಣಿಗೆ ಬಡಿಯುತ್ತಿದ್ದರೆ ಇನ್ನಷ್ಟು ಎತ್ತರಕ್ಕೆ ಎಸೆಯಿಸಿ. ರಿಂಗ್ 3.05 ಮೀಟರ್ ಎತ್ತರದ್ದಾದರೂ ಚಿಕ್ಕ ಮಕ್ಕಳಿಗೆ 2.4 ಮೀಟರಿಗೆ ಇಳಿಸಿದರೆ ಕೈಯ ಕ್ರಮ ಕೆಡುವುದಿಲ್ಲ. ಬ್ಯಾಸ್ಕೆಟ್‌ಬಾಲ್ ಕಂಬವನ್ನೇ ಬಳಸುವ ಆಸೆ ಬೇಡ. ಆ ರಿಂಗ್ 45 ಸೆಂಟಿಮೀಟರ್ ಅಗಲ, ನೆಟ್‌ಬಾಲಿನದು 38. ಜೊತೆಗೆ ಇಲ್ಲಿ ಹಿಂದೆ ಹಲಗೆಯೇ ಇಲ್ಲ. ಹಲಗೆಗೆ ಬಡಿಸಿ ಹಾಕುವುದು ರೂಢಿಯಾದವಳ ಚೆಂಡು ಬಯಲು ಕಂಬದಲ್ಲಿ ರಿಂಗ್ ದಾಟಿ ಆಚೆ ತರಗತಿಯವರ ನಡುವೆ ಬೀಳುತ್ತದೆ.