ಆಪರೇಷನ್ ಅಂದ್ರೆ ಅಕ್ಕನಿಗೇ ಯಾಕೆ?

ಅಕ್ಕನಿಗೆ ಎರಡನೇ ಮಗುವಾದಾಗ ಮನೆಯಲ್ಲಿ ‘ಆಪರೇಷನ್ ಮಾಡಿಸಿಬಿಡಿ’ ಅಂದರು. ಯಾರಿಗೆ ಅಂತ ಯಾರೂ ಕೇಳಲಿಲ್ಲ. ನಾನು ಭಾವನ ಹೆಸರೆತ್ತಿದೆ. ಅಜ್ಜಿ, ‘ದುಡಿಯೋ ಗಂಡಸು ಕಣೋ, ಶಕ್ತಿ ಹೋದ್ರೆ?’ ಅಂದರು. ಅಜ್ಜಿಯೊಬ್ಬರದೇ ಭಯವಲ್ಲ ಬಿಡಿ, ನಮ್ಮ ಹಾಸ್ಟೆಲ್ ಹುಡುಗರದ್ದೂ ಅದೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಿಳೆಯ ಆಪರೇಷನ್ ನೆಚ್ಚಿಕೊಂಡ ದಂಪತಿ ಶೇ 37.9, ಪುರುಷನದ್ದು ಬರೀ ಶೇ 0.3.

ವ್ಯಾಸೆಕ್ಟಮಿಯಲ್ಲಿ ವೃಷಣವನ್ನು ಮುಟ್ಟುವುದಿಲ್ಲ. ಆ ಜಾಗವನ್ನಷ್ಟೇ ಮರಗಟ್ಟಿಸಿ, ಚರ್ಮದ ಸಣ್ಣ ರಂಧ್ರದಿಂದ ಎರಡೂ ಕಡೆಯ ವೀರ್ಯನಾಳ ಕತ್ತರಿಸಿ ಕಟ್ಟುತ್ತಾರೆ. ಅರ್ಧ ಗಂಟೆಯೊಳಗಿನ ಕೆಲಸ, ಅದೇ ದಿನ ಮನೆಗೆ. ಗಂಡಸುತನದ ಹಾರ್ಮೋನು ಹೋಗುವುದು ಈ ನಾಳದಲ್ಲಲ್ಲ, ರಕ್ತದಲ್ಲಿ. ವೀರ್ಯದ ಬಹುಪಾಲು ದ್ರವವೂ ಬೇರೆ ಗ್ರಂಥಿಗಳದ್ದು. ಹಾಗಾಗಿ ಶಕ್ತಿ, ಸುಖ ಎರಡೂ ಮೊದಲಿನಂತೆಯೇ.

ಎಡವುವುದು ಆಮೇಲೆ. ಕತ್ತರಿಸಿದ ಜಾಗದಿಂದಾಚೆ ವೀರ್ಯಾಣುಗಳು ಮೊದಲೇ ಉಳಿದಿರುತ್ತವೆ. ಅವು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಕಾಂಡೋಮ್ ಬೇಕೇ ಬೇಕು. ನಂತರ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲ ಎಂದು ಬಂದರಷ್ಟೇ ನಿಶ್ಚಿಂತೆ. ಅಪರೂಪಕ್ಕೆ ನಾಳ ಮತ್ತೆ ಕೂಡಿಕೊಳ್ಳುವುದೂ ಉಂಟು. ಪರೀಕ್ಷೆ ತಪ್ಪಿಸಿದ ಗಂಡನ ಹೆಂಡತಿ ಬಸುರಾದರೆ ಊರು ಆಪರೇಷನ್ನನ್ನು ಬೈಯುವುದಿಲ್ಲ, ಅವಳನ್ನು ಅನುಮಾನಿಸುತ್ತದೆ.

ಮತ್ತೆ ನಾಳ ಜೋಡಿಸಿದರೂ ಮಗು ಖಾತ್ರಿಯಿಲ್ಲ. ಆದ್ದರಿಂದ ಇದು ಮಕ್ಕಳು ಸಾಕು ಅಂದವರಿಗೆ ಮಾತ್ರ. ಭಾವ ಇದನ್ನೆಲ್ಲ ಕೇಳಿಸಿಕೊಂಡು, ‘ರಜೆ ಎಷ್ಟು ದಿನ ಹಾಕಬೇಕು?’ ಅಂದರು.